ಹೆಬ್ಬೆರಳ ಕೆಳಗಿನ ಸಾಲು

ಅಕ್ಕ ತೀರಿಕೊಂಡು ಏಳು ವಾರ ಕಳೆದರೂ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಹೆಬ್ಬೆರಳು ಕಚೇರಿಗೆ ಬರುತ್ತಿತ್ತು.

ಬರುತ್ತಿದ್ದುದು ಪುಟ್ಟಿಯ ಕಂಪ್ಯೂಟರಿಗೆ. ನಲವತ್ತಾರು ವರ್ಷವಾಗಿ, ಓದುವ ಕನ್ನಡಕ ಮೂಗಿನ ತುದಿಗೆ ಇಳಿದಿದ್ದರೂ ಅವಳು ಪುಟ್ಟಿಯೇ. ಮನೆಯಲ್ಲಿ ಅಕ್ಕ ಹಾಗೆ ಕರೆಯುತ್ತಿದ್ದಳು. ಅದನ್ನು ಕೇಳಿಸಿಕೊಂಡ ಕಚೇರಿಯವರೂ ಅದನ್ನೇ ಹಿಡಿದುಕೊಂಡರು. ಮೂರೇ ಕೋಣೆಯ ಕಚೇರಿ. ಅಂಗಡಿಗಳಲ್ಲಿ ಮಾರುವ ಪ್ಯಾಕೆಟ್ ಆಹಾರದಲ್ಲಿ ಎಷ್ಟು ಪಾಲು ಅಡುಗೆ ಅನ್ನಿಸಿಕೊಳ್ಳುವಂಥದ್ದು, ಎಷ್ಟು ಪಾಲು ಕಾರ್ಖಾನೆಯ ಕೈಚಳಕ ಎಂದು ಎಣಿಸುವುದು ಅವರ ಕೆಲಸ. ಎರಡು ವರ್ಷದಿಂದ ಅಕ್ಕ ತಂಗಿಯರಿಬ್ಬರೂ ಅಲ್ಲೇ ಇದ್ದರು. ಅಕ್ಕ ಅಂಗಡಿ ಅಂಗಡಿ ತಿರುಗಿ ಪ್ಯಾಕೆಟ್ ಕೈಗೆತ್ತಿಕೊಂಡು, ಹಿಂಬದಿ ಓದಿ, ಒಂದರಿಂದ ನಾಲ್ಕರೊಳಗೆ ಒಂದು ಸಂಖ್ಯೆಯನ್ನು ಫೋನಿನಲ್ಲಿ ಒತ್ತಿ, ಆಮೇಲೆ ಆ ಹಿಂಬದಿಯ ಫೋಟೋ ತೆಗೆಯಬೇಕು. ಮೂರು ತಿಂಗಳ ಮೇಲೆ ಆ ಫೋಟೋ ಪುಟ್ಟಿಯ ಸರದಿಗೆ ಬರುತ್ತದೆ. ಅಕ್ಕ ಕೊಟ್ಟ ಸಂಖ್ಯೆ ಅವಳಿಗೆ ಕಾಣದು. ತಾನು ಓದಿ ತನ್ನ ಸಂಖ್ಯೆ ಕೊಡಬೇಕು. ಎರಡು ಕಣ್ಣು ಬೇರೆ ಬೇರೆ ನೋಡಿ ಒಂದೇ ಮಾತು ಹೇಳಿದರೆ ಆ ಮಾತಿಗೆ ತೂಕ.

“ಅಕ್ಕ ತಂಗೀರು ಒಂದೇ ಮನೇಲಿದ್ದೀರಿ, ಬಾಯಿ ಬಿಡದೆ ಇರ್ತೀರಾ?” ಎಂದು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮೇಡಂ ಅನುಮಾನಪಟ್ಟಿದ್ದರು. ಮೇಡಂ ಎಂದರೆ ಇಡೀ ಅಧ್ಯಯನದ ಮುಖ್ಯಸ್ಥೆ. ನಗುವುದಕ್ಕೂ ಅರ್ಜಿ ಕೊಡಬೇಕೇನೋ ಅನ್ನುವಂಥ ಮುಖ. ಇಬ್ಬರೂ ಬಾಯಿ ಬಿಡಲಿಲ್ಲ. ಒಂದೇ ಒಲೆ, ಒಂದೇ ಊಟ, ಎದುರು ಬದುರು ಮಂಚ. ನೆರೆಮನೆಯವರ ಸೊಸೆಯಿಂದ ಹಿಡಿದು ದೇವರವರೆಗೆ ಎಲ್ಲದರ ಬಗ್ಗೆ ಮಾತು, ಪ್ಯಾಕೆಟ್ಟಿನ ಬಗ್ಗೆ ಮಾತ್ರ ಮೌನ.

ಮೊದಲ ವಾರ ಮಾತ್ರ ಕಲಿಸಿಕೊಡಲು ಅಕ್ಕನಿಗೆ ಅನುಮತಿ ಇತ್ತು. “ಮುಖ ನೋಡಿ ಮಣೆ ಹಾಕ್ಬೇಡ ಕಣೆ. ಮುಂದುಗಡೆ ಹಸಿರು ಎಲೆ, ನಗೋ ಹಸು, ಅಜ್ಜಿ ಕೈರುಚಿ ಎಲ್ಲಾ ಇರುತ್ತೆ. ಬೆನ್ನು ನೋಡು. ಅದ್ರಲ್ಲೂ ಬಾಲದಿಂದ ಓದು.” ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಬರುತ್ತದೆ, ಬಣ್ಣ, ಸುವಾಸನೆ, ಎಣ್ಣೆ ನೀರು ಬೆರೆಸುವ ಎಮಲ್ಸಿಫೈಯರ್‌ಗಳು ಚಿಟಿಕೆಯಷ್ಟೇ ಬೇಕಾಗುವಂಥವು, ಹಾಗಾಗಿ ಸಾಮಾನ್ಯವಾಗಿ ಬಾಲದಲ್ಲಿ ಅಡಗಿರುತ್ತವೆ ಎಂಬುದು ಅವಳ ಪಾಠ. ಪುಟ್ಟಿ ಮೊದಲ ದಿನವೇ ಡಬ್ಬಿಯಲ್ಲಿ ತುಂಬಿದ ಹಣ್ಣೊಂದರ ಮೇಲೆ ‘ಆಸ್ಕಾರ್ಬಿಕ್ ಆಮ್ಲ’ ಎಂದು ನೋಡಿ ಹೌಹಾರಿ ನಾಲ್ಕು ಕೊಟ್ಟಿದ್ದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

“ಅದು ವಿಟಮಿನ್ ಸಿ ಕಣೆ, ಕಪ್ಪಾಗ್ದೆ ಇರ್ಲಿ ಅಂತ ಹಾಕಿದಾರೆ. ಹೆಸರು ಉದ್ದ ಇದ್ದ ಮಾತ್ರಕ್ಕೆ ಕಳ್ಳ ಅಲ್ಲ. ಕೆಡದೆ ಇರೋಕೆ ಹಾಕಿದ್ರೆ ಅಷ್ಟಕ್ಕೇ ನಾಲ್ಕು ಕೊಡ್ಬೇಡ. ಎರಡೇ ಪ್ರಶ್ನೆ ಕೇಳ್ಕೋ. ಇದು ಯಾರದ್ದಾದ್ರೂ ಅಡುಗೆಮನೆ ಡಬ್ಬೀಲಿ ಇರುತ್ತಾ? ಮಾಲ್ಟೋಡೆಕ್ಸ್ಟ್ರಿನ್, ಪ್ರೋಟೀನ್ ಐಸೊಲೇಟ್, ಮಾರ್ಪಡಿಸಿದ ಪಿಷ್ಟ, ಇವೆಲ್ಲ ಯಾರ ಮನೇಲೂ ಇರಲ್ಲ. ಇನ್ನೊಂದು, ಇದನ್ನ ವೇಷ ಕಟ್ಟೋಕೆ ಹಾಕಿದಾರಾ? ಬಣ್ಣ, ಪರಿಮಳ, ಸುಳ್ಳು ಸಿಹಿ, ಸುಳ್ಳು ಗಟ್ಟಿತನ. ಎರಡ್ರಲ್ಲಿ ಒಂದಿದ್ರೂ ಸಾಕು, ನಾಲ್ಕು.” ಬರೀ ಹಾಲು, ಕಾಳು, ಹೆಪ್ಪಿನ ಮೊಸರು ಆದರೆ ಒಂದು. ಎಣ್ಣೆ, ಸಕ್ಕರೆ, ಉಪ್ಪಿನಂಥವು ಎರಡು. ಇವೆರಡನ್ನೂ ಸೇರಿಸಿ ಮಾಡಿದ ಸಾದಾ ಬ್ರೆಡ್ಡು, ಚೀಸ್ ಮೂರು. ಅತಿಯಾಗಿ ಸಂಸ್ಕರಿಸಿದ್ದು ನಾಲ್ಕು.

ಅಕ್ಕನ ತಲೆಯೊಳಗೆ ಗೆಡ್ಡೆ ಇರುವುದು ಗೊತ್ತಾದ ಮೇಲೆ ಅವಳು ಬದುಕಿದ್ದು ಹದಿನೇಳು ದಿನ.

ಆದರೆ ಫೋಟೋಗಳಿಗೆ ಅದು ಗೊತ್ತಿಲ್ಲ. ಮೂರು ತಿಂಗಳ ಹಿಂದಿನವು ಒಂದೊಂದಾಗಿ ಬರುತ್ತಲೇ ಇದ್ದವು. ಪ್ರತಿ ಪ್ಯಾಕೆಟ್ಟಿನ ಅಂಚಿನಲ್ಲೂ ಅವಳ ಎಡಗೈ ಹೆಬ್ಬೆರಳು. ಅಗಲ ಉಗುರು, ಗೆಣ್ಣಿನ ಮೇಲೆ ಮೂರು ಗೆರೆ. ಮೊದಲ ದಿನ ಪುಟ್ಟಿ ಪರದೆಯ ಮೇಲೆ ಅದನ್ನು ಮುಟ್ಟಿದಳು. ಗಾಜು ಬೆಚ್ಚಗಿತ್ತು. ಯಂತ್ರ ಬಿಸಿಯಾಗಿರುತ್ತದೆಂದು ಗೊತ್ತಿದ್ದೂ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಆಮೇಲಾಮೇಲೆ ಪ್ಯಾಕೆಟ್ಟಿನ ಸರಬರ ಸದ್ದೂ ಕೇಳತೊಡಗಿತು. ಬೆನ್ನ ಹಿಂದೆ ಯಾರೋ ನಿಂತು ತನ್ನ ಜೊತೆಗೇ ಓದುತ್ತಿದ್ದಾರೆ ಅನ್ನಿಸಿ ಎರಡು ಸಲ ಹಿಂತಿರುಗಿ ನೋಡಿದಳು. ಕಿಟಕಿ, ಒಣಗಿದ ಕುಂಡ, ನೀರಿನ ಕ್ಯಾನು, ಅಷ್ಟೇ.

ತಡೆಯಲಾಗದೆ ಒಂದು ಉಪಾಯ ಮಾಡಿದಳು. ಫೋಟೋ ತೆರೆದ ಕೂಡಲೇ ಕಣ್ಣು ಅರೆಮುಚ್ಚಿ, ಬೆರಳಿರುವ ಭಾಗವನ್ನು ಕತ್ತರಿಸಿ ಪಕ್ಕಕ್ಕಿಟ್ಟು, ಅಕ್ಷರಗಳನ್ನು ಮಾತ್ರ ಉಳಿಸಿಕೊಂಡು ಓದುವುದು. ಹೀಗೆ ಕೆಲಸ ಸಾಗಿತು. ದಿನಕ್ಕೆ ಹದಿನೈದು ಇಪ್ಪತ್ತು ಮುಗಿಯುತ್ತಿದ್ದವು. ಅಕ್ಷರಗಳಿಗೆ ಕೈಯಿಲ್ಲ, ಗೆಣ್ಣಿಲ್ಲ, ಸಾವಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಮಂಗಳವಾರ ಮೇಡಂ ಕರೆದರು. ಪಕ್ಕದಲ್ಲಿ ಶೇಕಡಾ ಸಾಹೇಬರು ಕೂತಿದ್ದರು. ಅಂಕಿ ಅಂಶ ನೋಡುವವರು, ಟೀ ಕೂಡ ‘ಇಪ್ಪತ್ತು ಶೇಕಡಾ ಕಡಿಮೆ ಸಕ್ಕರೆ’ ಎಂದು ಕೇಳುವುದರಿಂದ ಆ ಹೆಸರು.

“ಕೊನೆಯ ಕಂತಿನ ಆರುನೂರ ಹನ್ನೆರಡು ಪ್ಯಾಕೆಟ್ಟಿನಲ್ಲಿ ತೊಂಬತ್ತೇಳು ಕಡೆ ನಿಮ್ಮಿಬ್ಬರ ಸಂಖ್ಯೆ ತಾಳೆ ಆಗ್ತಿಲ್ಲ,” ಎಂದರು ಸಾಹೇಬರು. “ಮೊದಲೆಲ್ಲ ನೂರಕ್ಕೆ ಮೂರೋ ನಾಲ್ಕೋ ಇರ್ತಿತ್ತು. ನೂರಕ್ಕೆ ಹತ್ತು ದಾಟಿದ್ರೆ ಆ ಕಂತನ್ನ ತೆಗೆದುಕೊಳ್ಳೋ ಹಾಗಿಲ್ಲ.”

ಮೇಡಂ ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿದರು. “ಅವರ ತಲೇಲಿ ಆಗ್ಲೇ ಗೆಡ್ಡೆ ಇತ್ತು. ಓದಿದ್ದು ಸರಿಯಾಗಿ ಅರ್ಥ ಆಗ್ತಿತ್ತೋ ಇಲ್ವೋ. ಯಾರದ್ದೂ ತಪ್ಪಲ್ಲ. ಶುಕ್ರವಾರ ವರದಿ ಹೋಗುತ್ತೆ. ಆ ಕಂತಿನ ಅವರ ಸಂಖ್ಯೆಗಳನ್ನ ಬಿಟ್ಟು, ‘ಅನಾರೋಗ್ಯದಿಂದ ನಂಬಲರ್ಹವಲ್ಲ’ ಅಂತ ಒಂದು ಸಾಲು ಬರೀತೀವಿ.”

ಪುಟ್ಟಿಗೆ ಕೆನ್ನೆಗೆ ಹೊಡೆದಂತಾಯಿತು. ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಒಂದು ಚೂರು ಚಿನ್ನವಿಲ್ಲ. ಅವಳ ಆಸ್ತಿಯೆಂದರೆ ಓದುವುದೊಂದೇ. ಬಸ್ಸಿನ ಟಿಕೆಟ್ಟಿನ ಹಿಂಬದಿಯನ್ನೂ ಬಿಡದೆ ಓದುತ್ತಿದ್ದವಳು. ಅವಳ ಬಗ್ಗೆ ಲೋಕದಲ್ಲಿ ಉಳಿಯುವ ಒಂದೇ ಸಾಲು ಇದಾಗಬೇಕೆ?

“ಶುಕ್ರವಾರದವರೆಗೆ ಸಮಯ ಕೊಡಿ,” ಎಂದಳು. “ತೊಂಬತ್ತೇಳನ್ನೂ ಮತ್ತೆ ನೋಡ್ತೀನಿ.”

ಈ ಸಲ ಫೋಟೋಗಳನ್ನು ಕತ್ತರಿಸದೆ, ಇಡಿಯಾಗಿ, ಬೆರಳಿನ ಸಮೇತ ತೆರೆದಳು. ಸಾಹೇಬರು ಕೊಟ್ಟ ಪಟ್ಟಿಯಲ್ಲಿ ಇಬ್ಬರ ಸಂಖ್ಯೆಯೂ ಪಕ್ಕಪಕ್ಕ ಇತ್ತು. ಮೊದಲನೆಯದು ಹೋಳು ಮಾಡಿದ ಬ್ರೆಡ್ಡು. ಗೋಧಿಹಿಟ್ಟು, ನೀರು, ಯೀಸ್ಟ್, ಉಪ್ಪು. ಅವಳು ಮೂರು ಕೊಟ್ಟಿದ್ದಳು, ಅಕ್ಕ ನಾಲ್ಕು. ಎರಡನೆಯದು ಕಡಲೆಕಾಯಿ ಬೆಣ್ಣೆ. ಅಲ್ಲೂ ತಂಗಿಯದು ಮೂರು, ಅಕ್ಕನದು ನಾಲ್ಕು. ಎಲ್ಲ ಕಡೆ ಹಾಗೆಯೇ: ಅಕ್ಕ ನಾಲ್ಕು ಎಂದಿದ್ದಾಳೆ, ಪುಟ್ಟಿ ಅದಕ್ಕಿಂತ ಕಡಿಮೆ. ಬುದ್ಧಿ ಕೆಟ್ಟವರ ತಪ್ಪು ಹೀಗೆ ಒಂದೇ ದಿಕ್ಕಿಗೆ ಸಾಲಾಗಿ ನಡೆಯುತ್ತದೆಯೇ? ಮತ್ತೆ ಬ್ರೆಡ್ಡಿನ ಫೋಟೋಗೆ ಬಂದಳು. ಉಪ್ಪಿನ ಪಕ್ಕ ಅಲ್ಪವಿರಾಮ ಇತ್ತು. ಅಲ್ಪವಿರಾಮದ ಆಚೆಗೆ ಬೆರಳು.

ಪಟ್ಟಿ ಮುಗಿದಿರಲಿಲ್ಲ. ಬಾಲ ಅಕ್ಕನ ಹೆಬ್ಬೆರಳ ಕೆಳಗಿತ್ತು. ಪ್ಯಾಕೆಟ್ ಕೈಯಲ್ಲಿದ್ದವಳು ಓದಿ ಆಮೇಲೆ ಫೋಟೋ ತೆಗೆದಿದ್ದಳು. ಕತ್ತರಿಸಿ ಓದಿದವಳಿಗೆ ಉಪ್ಪೇ ಕೊನೆ ಎಂದು ಕಂಡಿತ್ತು.

ಆದರೆ ಹಿಂದೆಂದೂ ಅವಳ ಬೆರಳು ಅಕ್ಷರದ ಮೇಲೆ ಬಂದಿರಲಿಲ್ಲವಲ್ಲ. ಪುಟ್ಟಿ ತಿಂಗಳ ಪ್ರಕಾರ ಹಿಂದಕ್ಕೆ ಹೋದಳು. ವರ್ಷದ ಹಿಂದೆ ಬೆರಳ ತುದಿ ಮಾತ್ರ, ಪ್ಯಾಕೆಟ್ಟನ್ನು ಹೂವಿನಂತೆ ಹಿಡಿದದ್ದು. ಐದು ತಿಂಗಳ ಹಿಂದೆ ಅರ್ಧ ಉಗುರು. ಆಮೇಲೆ ಪೂರ್ತಿ ಉಗುರು, ಆಮೇಲೆ ಗೆಣ್ಣು. ಕೊನೆಕೊನೆಗೆ ಇಡೀ ಬೆರಳು ಪಟ್ಟಿಯ ಮೇಲೆ ಒತ್ತಿ ಕೂತಿತ್ತು, ಉಗುರು ಬಿಳಿಚಿಕೊಳ್ಳುವಷ್ಟು. ಎಡಗೈಯಲ್ಲಿ ಬಲ ಹೋಗುತ್ತಿತ್ತು. ಪ್ಯಾಕೆಟ್ ಜಾರಿ ಬೀಳದಿರಲೆಂದು ಅವಳು ಹಾಗೆ ಹಿಡಿದಿದ್ದಳು. ಯಾರಿಗೂ ಹೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರಲ್ಲ, ಎದುರು ಮಂಚದಲ್ಲಿ ಮಲಗುವ ತಂಗಿಗೆ ಏನೂ ಗೊತ್ತಾಗಿರಲಿಲ್ಲ. ಎರಡು ಲೋಟ ಕೈಜಾರಿ ಒಡೆದಾಗ “ಕೈಯೋ ಜರಡಿಯೋ?” ಎಂದು ಛೇಡಿಸಿದ್ದೂ ಅವಳೇ.

ಬುಧವಾರ, ಗುರುವಾರ ಪುಟ್ಟಿ ಅಂಗಡಿಗಳನ್ನು ಸುತ್ತಿದಳು. ಅಕ್ಷರ ಮುಚ್ಚಿಹೋದ ಎಲ್ಲ ಫೋಟೋಗಳ ಪಟ್ಟಿ ಮಾಡಿಕೊಂಡಿದ್ದಳು. ತಾಳೆಯಾಗದ ತೊಂಬತ್ತೇಳು, ಜೊತೆಗೆ ಇಬ್ಬರೂ ಒಂದೇ ಸಂಖ್ಯೆ ಕೊಟ್ಟ ಇನ್ನೊಂದು. ಆ ಒಂದನ್ನು ನೋಡುವ ಅಗತ್ಯ ಇರಲಿಲ್ಲ. ಆದರೂ ಕೆಲಸ ಅಂದಮೇಲೆ ಕೆಲಸ ಎಂದು ಕೊನೆಗೆ ಸೇರಿಸಿಕೊಂಡಿದ್ದಳು.

ದೊಡ್ಡ ಅಂಗಡಿಗಳ ಆ ಬೆಳಕಿನಲ್ಲಿ ಯಾರಿಗೂ ನೆರಳಿರುವುದಿಲ್ಲ. ಫ್ರಿಜ್ಜುಗಳು ಗುಂಯ್ ಅನ್ನುತ್ತಿದ್ದವು. ಬ್ರೆಡ್ಡಿನ ಸಾಲಿನಲ್ಲಿ ಪುಟ್ಟಿ ಆ ಪ್ಯಾಕೆಟ್ ತೆಗೆದು, ಫೋಟೋದ ಪಕ್ಕ ಹಿಡಿದು, ಕಾಣುವ ಸಾಲುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿದಳು. ತಾನೂ ಅದೇ ಜಾಗದಲ್ಲಿ ಎಡ ಹೆಬ್ಬೆರಳು ಇಟ್ಟಳು. ಒಂದು ಕ್ಷಣ ಆ ಬೆರಳು ಯಾರದೆಂದು ಅವಳಿಗೇ ತಿಳಿಯಲಿಲ್ಲ. ಮೆಲ್ಲಗೆ ಎತ್ತಿದಳು. ‘ಎಮಲ್ಸಿಫೈಯರ್ (471), ಹಿಟ್ಟು ಸುಧಾರಕ, ಸುವಾಸನೆ.’

“ನಾಲ್ಕು,” ಎಂದು ಕಿವಿಯ ಹತ್ತಿರ ಯಾರೋ ಹೇಳಿದಂತಾಯಿತು. ಪುಟ್ಟಿ ಈ ಸಲ ಹಿಂತಿರುಗಿ ನೋಡಲಿಲ್ಲ. ನೋಡಿದರೆ ಹೋಗಿಬಿಡುತ್ತಾಳೇನೋ ಎಂಬ ಭಯ.

ಕಡಲೆಕಾಯಿ ಬೆಣ್ಣೆಯ ಬಾಲದಲ್ಲಿ ಮಾಲ್ಟೋಡೆಕ್ಸ್ಟ್ರಿನ್. ಟೊಮ್ಯಾಟೊ ಸಾಸಿನಲ್ಲಿ ಮಾರ್ಪಡಿಸಿದ ಪಿಷ್ಟ. ಓಟ್ಸಿನಲ್ಲಿ ಹಣ್ಣಿನ ಚೂರಿಗಿಂತ ಹಣ್ಣಿನ ಸುವಾಸನೆ ಜೋರು. ಒಂದು ಅಂಗಡಿಯಲ್ಲಿ ಸಾಮಾನು ಜೋಡಿಸುವ ಹೆಂಗಸು ಹತ್ತಿರ ಬಂದು, “ಇನ್ನೊಬ್ಬರು ಬರ್ತಿದ್ರು ಹೀಗೇ ಓದೋರು. ಒಂದಿನ ಜಾಡಿ ಬೀಳಿಸ್ಬಿಟ್ರು, ಪಾಪ. ನಾನೇ ಗುಡಿಸ್ತೀನಿ ಬಿಡಿ ಅಂದ್ರೂ ಕೇಳ್ದೆ ಕೂತ್ಕೊಂಡು ಗಾಜು ಆರಿಸಿದ್ರು. ಎಲ್ಲಿ ಈಗ ಬರೋದೇ ಇಲ್ಲ?” ಎಂದಳು. “ಊರಲ್ಲಿಲ್ಲ,” ಎಂದಳು ಪುಟ್ಟಿ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಎಂಬತ್ತೊಂಬತ್ತು ಸಿಕ್ಕಿದ್ದವು. ಎಂಟು ಯಾವ ಅಂಗಡಿಯಲ್ಲೂ ಇರಲಿಲ್ಲ. ಸಿಕ್ಕ ಎಂಬತ್ತೊಂಬತ್ತರಲ್ಲೂ ಅಕ್ಕನದೇ ಸರಿ. ಒಂದಾದರೂ ತಪ್ಪಿದ್ದರೆ ಕೇಳಿ! ಪುಟ್ಟಿಗೆ ಏಳು ವಾರದಲ್ಲಿ ಮೊದಲ ಸಲ ಹಸಿವಾಯಿತು. ಗೆದ್ದೆವು ಕಣೇ ಅಕ್ಕ ಎಂದುಕೊಂಡಳು. ಉಳಿದದ್ದು ಆ ಒಂದೇ ಒಂದು: ಸಾದಾ ಮೊಸರಿನ ಡಬ್ಬಿ. ಇಬ್ಬರೂ ಒಂದು ಕೊಟ್ಟದ್ದು. ಮನೆಯ ಹತ್ತಿರದ ಅಂಗಡಿಯ ತಣ್ಣನೆಯ ಕಪಾಟಿನಲ್ಲಿ ಅದು ಸಿಕ್ಕಿತು.

ಫೋಟೋದಲ್ಲಿ ಕಾಣುತ್ತಿದ್ದುದು ‘ಹಾಲು, ಹಾಲಿನ ಪುಡಿ, ಹೆಪ್ಪು’. ಡಬ್ಬಿಯ ಮೇಲೆ ಇನ್ನೂ ಒಂದು ಸಾಲು: ‘ಮಾರ್ಪಡಿಸಿದ ಪಿಷ್ಟ, ದಪ್ಪಗೊಳಿಸುವ ಪದಾರ್ಥ (440), ಸುವಾಸನೆ.’

ಸುಳ್ಳು ಗಟ್ಟಿತನದ ಮೊಸರು. ಮಗುವಿಗೂ ಗೊತ್ತಾಗುವ ನಾಲ್ಕು. ಅಕ್ಕ ಇದನ್ನು ಹೇಗೆ ತಪ್ಪಿದಳು? ಡಬ್ಬಿಯ ತಂಪು ಅಂಗೈಯಿಂದ ಮೊಣಕೈಗೆ ಏರಿತು. ಫೋನಿನ ಫೋಟೋವನ್ನು ದೊಡ್ಡದು ಮಾಡಿದಳು. ಬೆರಳು ಕಿರಿದು. ಉಗುರಿನ ಅರ್ಧ ಕಪ್ಪು, ಬಾಗಿಲ ಸಂದಿಗೆ ಸಿಕ್ಕಿದ್ದು.

ಅದು ಅಕ್ಕನ ಬೆರಳಲ್ಲ. ಅವಳದೇ.

ಭಾನುವಾರವೊಂದು ನೆನಪಾಯಿತು. ಸಾಬೂನು, ಮೊಸರು ತರಲು ಇಬ್ಬರೂ ಇದೇ ಅಂಗಡಿಗೆ ಬಂದಿದ್ದರು. ಅಕ್ಕ ಈ ಡಬ್ಬಿ ನೋಡಿ, ಹೊಸದು ಎಂದು ನಿಂತುಬಿಟ್ಟಳು. “ಕೈಯಲ್ಲಿ ಚೀಲ ಇದೆ ಕಣೆ, ಒಂಚೂರು ಹಿಡ್ಕೋ.” ಚೀಲದಲ್ಲಿದ್ದುದು ಎರಡು ಸಾಬೂನು. ಪುಟ್ಟಿ ಬೇರೆ ಕಡೆ ನೋಡುತ್ತಾ ಡಬ್ಬಿ ಹಿಡಿದಳು, ಫೋನು ಕಿಚಕ್ ಅಂದಿತು. “ಕೊಡು ಒಂದ್ಸಲ, ಓದ್ಬಿಡ್ತೀನಿ,” ಎಂದಳು ಅಕ್ಕ. “ಮನೇಲಿ ಫೋಟೋ ನೋಡ್ಕೊಂಡು ಓದು ಮಹಾತಾಯಿ, ಗ್ಯಾಸಿನವನು ಬಂದು ವಾಪಸ್ ಹೋಗ್ತಾನೆ. ರಜೆ ದಿನಾನೂ ನಿನ್ನ ಪ್ಯಾಕೆಟ್ ಪುರಾಣ!” ಎಂದು ಪುಟ್ಟಿ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ್ದಳು. ಅಕ್ಕ ಆ ಬಾಗಿಲಿಗೆ ಕೈ ಹಾಕಿ, ತೆರೆಯಲು ಒಂದು ಸಲ ಎಳೆದು, ಬಿಟ್ಟಳು. ಅದು ಬೇಸರ ಎಂದು ಪುಟ್ಟಿ ತಿಳಿದಿದ್ದಳು. ಈಗ ಆ ಬಾಗಿಲನ್ನು ತಾನು ಎಳೆದು ನೋಡಿದಳು. ಅದು ಬಿಗಿಯಾಗಿತ್ತು, ಬಲ ಹಾಕಿ ಎಳೆಯಬೇಕಿತ್ತು.

ಈ ಡಬ್ಬಿಯ ವಿಷಯ ಯಾರೂ ಕೇಳುವುದಿಲ್ಲ. ಇಬ್ಬರೂ ಒಂದೇ ಹೇಳಿದ್ದಾರೆ. ದಾಖಲೆಯ ಪ್ರಕಾರ ಅದು ಸರಿ. ಹೇಳಿದರೆ? ಪ್ಯಾಕೆಟ್ ಕೈಯಲ್ಲಿ ಹಿಡಿದು ಓದಿಯೇ ಸಂಖ್ಯೆ ಕೊಟ್ಟಳು ಎನ್ನುವುದರ ಮೇಲೇ ಅಕ್ಕನ ಮಾನ ನಿಂತಿದೆ. ಒಂದನ್ನು ಫೋಟೋ ನೋಡಿ ಕೊಟ್ಟಳೆಂದರೆ ಉಳಿದವನ್ನು ಯಾರು ನಂಬುತ್ತಾರೆ? ಜೊತೆಗೆ ಅಂಗಡಿಯಲ್ಲಿ ಇಬ್ಬರೂ ಸೇರಿ ಪ್ಯಾಕೆಟ್ ಮುಟ್ಟುವಂತೆಯೇ ಇರಲಿಲ್ಲ. ಮುಚ್ಚಿಡಬಹುದಿತ್ತು. ಮುಚ್ಚಿಟ್ಟು ಬದುಕುವುದನ್ನು ಯೋಚಿಸಿದಳು. ಮನೆಯ ಆ ಎದುರು ಮಂಚ ಕಣ್ಣಿಗೆ ಬಂತು.

ಶುಕ್ರವಾರ ಅವಳು ಎಂಬತ್ತೊಂಬತ್ತನ್ನು ತೋರಿಸಿದಳು. ಶೇಕಡಾ ಸಾಹೇಬರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. “ಈ ಮೂರು ತಿಂಗಳಲ್ಲಿ ಕಂಪನಿಯವರೇ ಪಟ್ಟಿ ಬದಲಾಯಿಸಿರಬಹುದಲ್ಲ?” ಎಂದರು. ಕಾಣುವ ಸಾಲುಗಳು, ತೂಕ, ಸಾಲು ಮುರಿದ ಜಾಗ ಎಲ್ಲ ಹಾಗೇ ಇರುವುದನ್ನು ಪುಟ್ಟಿ ತೋರಿಸಿದಳು. ಅವರು ಒಂದೊಂದನ್ನೂ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

“ಹಾಗಾದ್ರೆ ಓದೋದ್ರಲ್ಲಿ ತಪ್ಪಿದ್ದು ನೀವು,” ಎಂದರು ಮೇಡಂ.

“ಹೌದು. ಬೆರಳು ನೋಡೋಕಾಗ್ದೆ ಕತ್ತರಿಸಿ ಓದ್ದೆ.” ಪುಟ್ಟಿ ಚೀಲದಿಂದ ಮೊಸರಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. “ಇದೂ ಇದೆ. ಇದ್ರಲ್ಲಿ ಅಕ್ಕಂದೂ ತಪ್ಪು, ನಂದೂ ತಪ್ಪು. ಒಂದು ಅಂತ ಕೊಟ್ಟಿದೀವಿ, ಇದು ನಾಲ್ಕು. ಇದೊಂದನ್ನ ಅವಳು ಕೈಯಲ್ಲಿ ಹಿಡಿದು ಓದಿಲ್ಲ.”

“ಇದೊಂದೇ ಅಂತ ಹೇಗೆ ಗೊತ್ತು?” ಎಂದರು ಮೇಡಂ. ಗಡಸಾಗಿಯೇನೂ ಅಲ್ಲ. ಕೇಳಲೇಬೇಕಾದ ಪ್ರಶ್ನೆಯಾದ್ದರಿಂದ ಕೇಳಿದರು.

ಪುಟ್ಟಿ ಉತ್ತರ ಹೇಳುವ ಮೊದಲೇ ಶೇಕಡಾ ಸಾಹೇಬರು ಕಂಪ್ಯೂಟರಿನ ಕಡೆ ತಿರುಗಿದ್ದರು. ಸಂಖ್ಯೆ ಒತ್ತಿದ ಸಮಯ, ಫೋಟೋ ತೆಗೆದ ಸಮಯ ಎರಡನ್ನೂ ಫೋನು ತಾನಾಗಿಯೇ ಬರೆದಿಡುತ್ತದೆ. ಯಾರೂ ಇದುವರೆಗೆ ಅದನ್ನು ಜೋಡಿಸಿ ನೋಡಿರಲಿಲ್ಲ. ಅವರು ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ಕೆಳಗಿನವರೆಗೂ ಉರುಳಿಸಿದರು. ಆರುನೂರ ಹನ್ನೊಂದು ಕಡೆ ಸಂಖ್ಯೆ ಮೊದಲು, ಫೋಟೋ ಒಂದೆರಡು ನಿಮಿಷ ತಡವಾಗಿ. ಕೊನೆಕೊನೆಗೆ ಆ ಅಂತರ ಐದು ನಿಮಿಷ, ಏಳು ನಿಮಿಷ. ಒಂದು ಪ್ಯಾಕೆಟ್ ಹಿಡಿದು ಫೋಟೋ ತೆಗೆಯಲು ಒಬ್ಬಳೇ ಅಷ್ಟು ಹೊತ್ತು ಒದ್ದಾಡಿದ್ದಾಳೆ. ಮೊಸರಿನದು ಮಾತ್ರ ತಿರುಗುಮುರುಗು: ಫೋಟೋ ಬೆಳಿಗ್ಗೆ ಹನ್ನೊಂದಕ್ಕೆ, ಸಂಖ್ಯೆ ಮಧ್ಯಾಹ್ನ ಮೂರಕ್ಕೆ.

“ಒಂದೇ,” ಎಂದರು ಸಾಹೇಬರು. ಮೊದಲ ಬಾರಿಗೆ ಶೇಕಡಾ ಹೇಳಲಿಲ್ಲ.

ಮೇಡಂ ಬಹಳ ಹೊತ್ತು ಆ ಏಳು ನಿಮಿಷಗಳನ್ನು ನೋಡುತ್ತಿದ್ದರು. ಆಮೇಲೆ, ‘ನಂಬಲರ್ಹವಲ್ಲ’ ಎಂದಿದ್ದ ಸಾಲನ್ನು ವರದಿಯಿಂದ ತಾವೇ ಅಳಿಸಿದರು. “ಅವರ ಸಂಖ್ಯೆಗಳೆಲ್ಲ ಇರ್ಲಿ. ನಿಮ್ಮ ಭಾಗವನ್ನ ಬೇರೆಯವರು ಮತ್ತೆ ಓದ್ತಾರೆ. ಮೊಸರಿನದು ತಿದ್ದಿ.” ಸಾಹೇಬರು ಒಂದನ್ನು ಅಳಿಸಿ ನಾಲ್ಕು ಒತ್ತಿದರು. ತಿದ್ದುಪಡಿಗೆ ಕಾರಣ ಬರೆಯದೆ ಯಂತ್ರ ಮುಂದಕ್ಕೆ ಹೋಗಲು ಬಿಡಲಿಲ್ಲ. ಖಾಲಿ ಚೌಕದಲ್ಲಿ ಗೆರೆಯೊಂದು ಮಿಣುಕುತ್ತಿತ್ತು.

“ಏನಂತ ಬರೀಲಿ?” ಎಂದು ಅವರು ಪುಟ್ಟಿಯ ಕಡೆ ನೋಡಿದರು. “ಫೋಟೋ ಸರಿ ಇಲ್ಲ ಅಂತ ಹಾಕ್ಲಾ?”

ಪುಟ್ಟಿ ತನ್ನ ಎಡಗೈಯನ್ನು ನೋಡಿಕೊಂಡಳು. ಉಗುರಿನ ಕಪ್ಪು ಬೆಳೆದು ಬೆಳೆದು ತುದಿಗೆ ಬಂದಿತ್ತು; ಇನ್ನೊಂದು ವಾರಕ್ಕೆ ಕತ್ತರಿಸಿ ಹೋಗುವಷ್ಟು.

“ಓದ್ತೀನಿ ಕೊಡು ಅಂತ ಅವಳು ಕೇಳಿದ್ಲು,” ಎಂದಳು. “ನಾನು ಕೊಡ್ಲಿಲ್ಲ. ಹಾಗಂತ ಬರೀರಿ.”